ವಿವರಣೆಯಿಲ್ಲದ ಹಣ: ಉಳಿತಾಯ ಖಾತೆಗೆ ತುಂಬಿದ ನಗದಿನ ಬಗ್ಗೆ ನೋಟಿಸ್ ಬಂದರೆ ಉತ್ತರ ಬರೆಯುವುದು ಹೇಗೆ

ಒಂದು ಹಣಕಾಸು ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ಒಟ್ಟು 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಆ ಮಾಹಿತಿಯನ್ನು ಆದಾಯ ತೆರಿಗೆ ಇಲಾಖೆಗೆ ಕಳಿಸಲೇಬೇಕು. ಅಷ್ಟು ಕಟ್ಟುವುದು ತಪ್ಪಲ್ಲ. ಆ ನಗದು ಎಲ್ಲಿಂದ ಬಂತೆಂದು ಕೇಳಿದಾಗ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಅಧಿಕಾರಿಗೆ ಒಪ್ಪಿಗೆಯಾಗದಿದ್ದರೆ, 2025-26ರವರೆಗಿನ ವರ್ಷಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 69ಎ ಕಲಮಿನಡಿ ಅದು ‘ವಿವರಣೆಯಿಲ್ಲದ ಹಣ’ ಆಗುತ್ತದೆ. ಆಗ ಮಾಮೂಲಿ ತೆರಿಗೆ ದರ ಅನ್ವಯಿಸುವುದಿಲ್ಲ. 60% ತೆರಿಗೆ, ಅದರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ 78% ಹೋಗುತ್ತದೆ. ಖರ್ಚು ಕಳೆಯಲೂ ಅವಕಾಶವಿಲ್ಲ.

ಕಾರಟಗಿ ಕಡೆಯ ಒಬ್ಬ ಭತ್ತದ ರೈತರ ಲೆಕ್ಕ ಹಿಡಿಯೋಣ. ಎಂಟು ಎಕರೆ ಜಮೀನು, ಒಂದು ಟ್ರ್ಯಾಕ್ಟರ್. 2022-23ರಲ್ಲಿ ಖಾತೆಗೆ ಕಟ್ಟಿದ ನಗದು 14,60,000 ರೂಪಾಯಿ. ಮಾಹಿತಿ ಕೇಳುವ 142(1) ಕಲಮಿನ ನೋಟಿಸ್ ಬಂದಿದೆ. ಇಡೀ ಮೊತ್ತ 69ಎಗೆ ಬಿದ್ದರೆ ತೆರಿಗೆಯೇ 11,38,800 ರೂಪಾಯಿ.

ಹೆಚ್ಚಿನವರು ಮೊದಲು ಬರೆಯುವ ಸಾಲು, ‘ನಾನು ರೈತ, ಇದೆಲ್ಲಾ ಕೃಷಿ ಆದಾಯ, ತೆರಿಗೆ ಇಲ್ಲ’ ಎಂಬುದು. ಸತ್ಯವೇ ಇರಬಹುದು, ಆದರೆ ಉತ್ತರ ಆಗುವುದಿಲ್ಲ. ಮುಖಾಮುಖಿ ಇಲ್ಲದೆ ಆನ್‌ಲೈನಿನಲ್ಲೇ ನಡೆಯುವ ಫೇಸ್‌ಲೆಸ್ ಪದ್ಧತಿಯಲ್ಲಿ ನಿಮ್ಮ ಕಡತ ಬೇರೆ ರಾಜ್ಯದ ಅಧಿಕಾರಿಯ ಮುಂದೆ ಇರಬಹುದು. ನಮ್ಮ ಭಾಗದಲ್ಲಿ ಭತ್ತಕ್ಕೆ 75 ಕೆಜಿ ಚೀಲದ ಲೆಕ್ಕ ಎಂಬುದೂ ಅವರಿಗೆ ಗೊತ್ತಿರಲಿಕ್ಕಿಲ್ಲ, ಅದನ್ನೂ ಬರೆಯಬೇಕು. ಕನ್ನಡದ ಪಹಣಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು.

ಬರೆಯುವ ಮುಂಚೆ ಪಾಸ್‌ಬುಕ್ ಮುಂದಿಟ್ಟುಕೊಂಡು ಪ್ರತಿ ಜಮೆಯ ಎದುರಿಗೆ ಅದರ ಮೂಲ ಬರೆಯಿರಿ. ಈ ರೈತರದು ಹೀಗೆ ಬಂತು. ಬೇಸಿಗೆ ಬೆಳೆಯ 300 ಚೀಲ, ಚೀಲಕ್ಕೆ 1,800ರಂತೆ 5,40,000. ಮುಂಗಾರು ಬೆಳೆಯ 270 ಚೀಲ, 2,000ದಂತೆ 5,40,000. ಎರಡೂ ಸೇರಿ ಬೇರೆ ಬೇರೆ ವ್ಯಾಪಾರಿಗಳು ಬರೆದುಕೊಟ್ಟ ಆರು ಮಾರಾಟ ಪಟ್ಟಿ, ಒಂದೊಂದೂ 1,80,000. ಜೂನ್‌ನಲ್ಲಿ ಮಗಳ ಮದುವೆಗೆಂದು ತೆಗೆದು, ಮದುವೆ ಮುಂದಕ್ಕೆ ಹೋದದ್ದರಿಂದ ಆಗಸ್ಟ್‌ನಲ್ಲಿ ಅದೇ ಖಾತೆಗೆ ವಾಪಸ್ ಕಟ್ಟಿದ್ದು 2,50,000. ಉಳಿದ 1,30,000 ಟ್ರ್ಯಾಕ್ಟರ್ ಬಾಡಿಗೆ.

ಉತ್ತರದ ಒಂದು ಸಾಲು ಹೀಗಿರಲಿ: ‘12-05-2022ರಂದು 100 ಚೀಲ ಭತ್ತ ಮಾರಾಟ, ಪಟ್ಟಿ ಲಗತ್ತು 3, ಬಂದ ನಗದು ರೂ. 1,80,000; 14-05-2022ರಂದು ಖಾತೆಗೆ ಜಮೆ.’ ಮಾರಿದ ತಾರೀಖು ಮೊದಲು, ಜಮೆಯ ತಾರೀಖು ಆಮೇಲೆ ಇರಬೇಕು. ಹಣ ಕಟ್ಟಿದ ಮೇಲೆ ಭತ್ತ ಮಾರಿದಂತೆ ಪಟ್ಟಿ ಹೇಳಿದರೆ ಉತ್ತರ ಅಲ್ಲೇ ಮುರಿಯುತ್ತದೆ. ಪಹಣಿಯ ಬೆಳೆ ಕಾಲಂ ಕೂಡ ತಾಳೆಯಾಗಬೇಕು. ಕಾಲುವೆಗೆ ನೀರೇ ಬಿಡದ ಹಂಗಾಮಿಗೆ ಎರಡನೇ ಬೆಳೆ ತೋರಿಸಿದವರ ಉತ್ತರವನ್ನು ಯಾರೂ ನಂಬುವುದಿಲ್ಲ. ಜಮೀನು ತಂದೆಯ ಹೆಸರಿನಲ್ಲಿದ್ದರೆ ವಂಶವೃಕ್ಷ, ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದ್ದರೆ ಕರಾರು ಪತ್ರ ಬೇಕು.

ಮಾರಿದ ಅಷ್ಟೂ ಹಣ ಬ್ಯಾಂಕಿಗೆ ಹೋಯಿತು ಎಂದರೆ, ಕೂಲಿ, ಗೊಬ್ಬರ, ಕಟಾವು ಮೆಷಿನ್ ಬಾಡಿಗೆ ಎಲ್ಲಿಂದ ಕೊಟ್ಟಿರಿ ಎಂಬ ಪ್ರಶ್ನೆ ಸಹಜ. ಬಹಳ ಉತ್ತರಗಳು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. ಈ ರೈತರು ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದಿಂದ ಖರ್ಚು ನಿಭಾಯಿಸಿದ್ದರು. ಆ ಖಾತೆಯ ಸ್ಟೇಟ್‌ಮೆಂಟ್ ಜೊತೆಗಿಟ್ಟರೆ ಪ್ರಶ್ನೆ ಏಳುವ ಮೊದಲೇ ಉತ್ತರ ಸಿಕ್ಕಂತಾಗುತ್ತದೆ.

ಬಾಡಿಗೆಯ 1,30,000ವನ್ನು ಭತ್ತದ ಲೆಕ್ಕಕ್ಕೆ ಸೇರಿಸುವ ಆಸೆ ಬರುತ್ತದೆ. ಬೇಡ. ಬೇರೆಯವರ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆದು ಗಳಿಸಿದ್ದು ಕೃಷಿ ಆದಾಯವಲ್ಲ, ವ್ಯವಹಾರದ ಆದಾಯ. ಬೇರೆ ಆದಾಯವಿಲ್ಲದಿದ್ದರೆ ಅದು ಆ ವರ್ಷದ 2.5 ಲಕ್ಷದ ವಿನಾಯಿತಿ ಮಿತಿಯೊಳಗೇ ಇತ್ತು. ಇದ್ದಂತೆ ಹೇಳಿದರೆ ತೆರಿಗೆ ಬರುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದ ಲೆಕ್ಕದ ಮೇಲೂ ಸಂಶಯ ಬರುತ್ತದೆ.

ಒಬ್ಬನೇ ವ್ಯಾಪಾರಿಯಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದನ್ನು ಅದೇ ಕಾಯ್ದೆಯ 269ಎಸ್‌ಟಿ ಕಲಂ ನಿಷೇಧಿಸುತ್ತದೆ. ಪಡೆದಷ್ಟೇ ದಂಡ ಬೀಳಬಹುದು. ನಿಮ್ಮ ಪಟ್ಟಿಯಲ್ಲಿ ಅಂಥದ್ದಿದ್ದರೆ ಉತ್ತರ ಕಳಿಸುವ ಮುಂಚೆ ಆಡಿಟರ್‌ಗೆ ತೋರಿಸಿ. ಪಟ್ಟಿಯನ್ನು ಹಿಂದಿನ ತಾರೀಖಿಗೆ ಎರಡಾಗಿ ಬರೆಸಿಕೊಳ್ಳಬೇಡಿ. ಇಲಾಖೆ ಆ ವ್ಯಾಪಾರಿಯ ಲೆಕ್ಕ ಪುಸ್ತಕವನ್ನೂ ತರಿಸಿಕೊಳ್ಳಬಹುದು.

ಉತ್ತರವನ್ನು incometax.gov.in ತಾಣದ e-Proceedings ವಿಭಾಗದಲ್ಲಿ, ನೋಟಿಸಿನಲ್ಲಿರುವ ಕೊನೆಯ ದಿನದೊಳಗೆ ಹಾಕಬೇಕು. ಪಟ್ಟಿ ಸಿಗಲು ತಡವಾದರೆ ಅಲ್ಲೇ ಕಾಲಾವಕಾಶ ಕೇಳಿ. ಸುಮ್ಮನಿದ್ದರೆ 144ನೇ ಕಲಮಿನಡಿ ಅಧಿಕಾರಿ ತನ್ನ ಮುಂದಿರುವ ಮಾಹಿತಿಯ ಮೇಲೆ ಆದೇಶ ಬರೆಯಬಹುದು, ಮತ್ತು ಆ ಮಾಹಿತಿಯಲ್ಲಿ ಜಮೆ ಮಾತ್ರ ಇರುತ್ತದೆ, ಭತ್ತ ಇರುವುದಿಲ್ಲ.