ಪದ ಪರಿಚಯ: ಪ್ರಿ-ಬಿಡ್ ಕ್ವೆರಿ

ಟೆಂಡರ್ ಹಾಕುವ ಮೊದಲು, ಅದರ ದಾಖಲೆಯಲ್ಲಿ ಸ್ಪಷ್ಟವಿಲ್ಲದ ಅಥವಾ ಒಂದಕ್ಕೊಂದು ತಾಳೆಯಾಗದ ವಿಷಯವನ್ನು ಟೆಂಡರ್ ಕರೆದ ಕಚೇರಿಗೆ ಬರವಣಿಗೆಯಲ್ಲಿ ಕೇಳುವ ಪ್ರಶ್ನೆಗೆ ಪ್ರಿ-ಬಿಡ್ ಕ್ವೆರಿ ಎನ್ನುತ್ತಾರೆ. ಕನ್ನಡದ ಕಡತಗಳಲ್ಲಿ ಇದೇ ಸ್ಪಷ್ಟೀಕರಣ ಕೋರಿಕೆ. ಗುತ್ತಿಗೆದಾರರ ಬಾಯಲ್ಲಿ ಬರೀ ‘ಕ್ವೆರಿ’.

ಪ್ರಶ್ನೆ ಎಲ್ಲರಿಗೂ ಇರುತ್ತದೆ. ಆದರೆ ಫೋನಿನಲ್ಲಿ ಕೇಳಿದ್ದು ಕ್ವೆರಿ ಆಗುವುದಿಲ್ಲ. ಕ್ವೆರಿಗೆ ಒಂದು ನಂಬರ್ ಇರಬೇಕು. ದಾಖಲೆಯ ಯಾವ ಪುಟ, ಯಾವ ಷರತ್ತು ಎಂದು ತೋರಿಸಬೇಕು. ಅಲ್ಲಿ ಬರೆದಿರುವ ಸಾಲನ್ನು ಇದ್ದ ಹಾಗೇ ಕೊಡಬೇಕು. ಆಮೇಲೆ ಒಂದೇ ಒಂದು ವಿಷಯ ಕೇಳಬೇಕು. ಇಷ್ಟಿದ್ದರೆ ಕಚೇರಿಯವರು ಒಂದೆರಡು ಸಾಲಿನಲ್ಲಿ ಉತ್ತರ ಕೊಡಬಹುದು. ಇಲ್ಲದಿದ್ದರೆ ‘ಟೆಂಡರ್ ಷರತ್ತಿನಂತೆ’ ಎಂಬ ಎರಡೇ ಪದದ ಉತ್ತರ ಬರುತ್ತದೆ. ಕೇಳುವ ಮೊದಲು ನಾವು ಎಲ್ಲಿದ್ದೆವೋ ಆಮೇಲೂ ಅಲ್ಲೇ ಇರುತ್ತೇವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ಕಡೆಯ ಒಂದು ಹಳ್ಳಿ ರಸ್ತೆ. ಧರೆ ಕುಸಿಯುವ ಜಾಗದಲ್ಲಿ ತಡೆಗೋಡೆ ಮತ್ತು ಒಂದು ಮೋರಿ ಕಟ್ಟುವ ಕಾಮಗಾರಿಗೆ ಟೆಂಡರ್ ಕರೆದಿದ್ದಾರೆ. ಟೆಂಡರ್ ಹಾಕುವವರು ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಗುತ್ತಿಗೆದಾರರು. ಸಿವಿಲ್ ಓದಿದ ಸೋದರಳಿಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ. ಮಾವ ಸೈಟ್ ನೋಡಿ ಬಂದು, ತಲೆಯಲ್ಲಿದ್ದದ್ದನ್ನೆಲ್ಲ ಹೇಳುತ್ತಾರೆ:

“ಅಲ್ಲ ಮಾರಾಯ, ಆರು ತಿಂಗಳು ಅಂದ್ರೆ ಮಳೆಗಾಲ ಸೇರಿಸಿಯೋ ಬಿಟ್ಟೋ? ಗೋಡೆ ಲೆಕ್ಕ ಯಾಕೋ ಕಮ್ಮಿ ಕಾಣ್ತದೆ. ಅಗೆಯುವಾಗ ಬಂಡೆ ಸಿಕ್ಕಿದ್ರೆ ದುಡ್ಡು ಯಾರು ಕೊಡ್ತಾರೆ? ಸಾಗರದಲ್ಲಿ ನಾವು ಕಟ್ಟಿದ ಚೆಕ್ ಡ್ಯಾಂ ಅನುಭವಕ್ಕೆ ನಡೀತದಾ? ಬಿಲ್ ಯಾವಾಗ ಆಗ್ತದಂತೆ?”

ಐದೂ ಒಳ್ಳೆಯ ಪ್ರಶ್ನೆಗಳೇ. ಆದರೆ ಹೀಗೇ ಕಳಿಸುವಂತಿಲ್ಲ. ಅಳಿಯ ಮೊದಲು ಮಾಡಬೇಕಾದ ಕೆಲಸ, ದಾಖಲೆಯಲ್ಲೇ ಉತ್ತರ ಇರುವುದನ್ನು ಬಿಡುವುದು. ಬಿಲ್ ಎಷ್ಟು ಹಂತದಲ್ಲಿ, ಎಷ್ಟು ದಿನದೊಳಗೆ ಎಂಬುದು ಕರಾರಿನ ಪಾವತಿ ಷರತ್ತಿನಲ್ಲಿ ಇದೆ. ಅದು ಹೋಯಿತು. ಉಳಿದದ್ದು ನಾಲ್ಕು. ಅವನ್ನು ಜರಡಿ ಹಿಡಿಯಲು ನಾನು ನಂಬುವ ಅಳತೆ ಒಂದೇ: ಉತ್ತರ ಹೀಗೆ ಬಂದರೆ ನನ್ನ ದರ ಒಂದು, ಹಾಗೆ ಬಂದರೆ ಇನ್ನೊಂದು ಆಗುತ್ತದಾ? ಅಥವಾ ನಾನು ಅರ್ಹನೋ ಅಲ್ಲವೋ ಎಂಬುದು ಬದಲಾಗುತ್ತದಾ? ಎರಡೂ ಇಲ್ಲದಿದ್ದರೆ ಸುಮ್ನೆ ಕೇಳಬೇಡಿ. ಪಟ್ಟಿ ಉದ್ದವಾದಷ್ಟೂ ಮುಖ್ಯವಾದ ಪ್ರಶ್ನೆಗೆ ಸಿಗುವ ಗಮನ ಕಡಿಮೆ.

ಮಳೆಗಾಲದ ಪ್ರಶ್ನೆ ಮಲೆನಾಡಿನಲ್ಲಿ ಸಣ್ಣದಲ್ಲ. ಕಾರ್ಯಾದೇಶ ಏಪ್ರಿಲ್ ಮೊದಲಿಗೆ ಸಿಕ್ಕಿತು ಎನ್ನಿ. ಆರು ತಿಂಗಳು ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿನಲ್ಲಿ ಪಾಯ ಅಗೆಯುವುದು ಹೋಗಲಿ, ಲಾರಿ ಒಳಗೆ ಹೋಗುವುದೇ ಕಷ್ಟ. ಕೈಗೆ ಸಿಗುವುದು ಎರಡೇ ತಿಂಗಳು. ತಡವಾದರೆ ದಂಡ ಬೀಳುತ್ತದೆ. ನಮ್ಮಲ್ಲಿ ಟೆಂಡರ್‌ಗಳು ‘ಮಳೆಗಾಲ ಸೇರಿ’ ಅಥವಾ ‘ಮಳೆಗಾಲ ಹೊರತುಪಡಿಸಿ’ ಎಂದು ಬರೆಯುವುದು ಇದಕ್ಕೇ. ಈ ಟೆಂಡರ್‌ನಲ್ಲಿ ಪ್ರಕಟಣೆಯಲ್ಲಿ ಒಂದು, ಕರಾರಿನಲ್ಲಿ ಇನ್ನೊಂದು ಇದೆ. ಅಳಿಯ ಹೀಗೆ ಬರೆಯುತ್ತಾನೆ:

ಪ್ರಶ್ನೆ 1. ಟೆಂಡರ್ ಪ್ರಕಟಣೆ, ಪುಟ 4: “ಕಾಮಗಾರಿ ಅವಧಿ 6 ತಿಂಗಳು.” ಕರಾರಿನ ವಿವರ, ಪುಟ 31: “6 ತಿಂಗಳು, ಮಳೆಗಾಲ ಹೊರತುಪಡಿಸಿ.” ಇವೆರಡರಲ್ಲಿ ಯಾವುದು ಅನ್ವಯಿಸುತ್ತದೆ? ಮಳೆಗಾಲ ಹೊರತು ಎಂದಾದರೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬಿಡಲಾಗುತ್ತದೆ ಎಂದು ತಿಳಿಸಲು ಕೋರಿದೆ.

ಕೊನೆಯ ವಾಕ್ಯ ಗಮನಿಸಿ. ‘ಮಳೆಗಾಲ ಹೊರತು’ ಎಂಬ ಉತ್ತರ ಬಂದರೂ ಜಗಳ ಮುಗಿಯುವುದಿಲ್ಲ. ಅಕ್ಟೋಬರ್‌ನಲ್ಲೂ ಇಲ್ಲಿ ಮಳೆ ಹೊಡೆಯುತ್ತದೆ. ಅದು ಯಾರ ಲೆಕ್ಕ? ದಿನಾಂಕ ಕೇಳಿದರೆ ಆ ಬಾಗಿಲೂ ಮುಚ್ಚುತ್ತದೆ.

ಗೋಡೆಯ ವಿಷಯದಲ್ಲಿ ಮಾವನ ಕಣ್ಣಂದಾಜು ಸರಿಯಾಗಿಯೇ ಇದೆ. ಆದರೆ ‘ಕಮ್ಮಿ ಕಾಣ್ತದೆ’ ಎಂದು ಕಚೇರಿಗೆ ಬರೆಯಲಾಗುವುದಿಲ್ಲ. ಎಷ್ಟು ಕಮ್ಮಿ ಎಂದು ತೋರಿಸಬೇಕು. ನಕ್ಷೆಯಲ್ಲಿ ಗೋಡೆಯ ಉದ್ದ 60 ಮೀಟರ್, ಎತ್ತರ 3 ಮೀಟರ್, ಮೇಲಿನ ಅಗಲ 0.5 ಮೀಟರ್, ಬುಡದಲ್ಲಿ 1 ಮೀಟರ್. ಸರಾಸರಿ ಅಗಲ 0.75. ಅದನ್ನು 3ರಿಂದ ಗುಣಿಸಿದರೆ ಅಡ್ಡಕೊಯ್ತ 2.25 ಚದರ ಮೀಟರ್. 60 ಮೀಟರ್ ಉದ್ದಕ್ಕೆ 135 ಘನ ಮೀಟರ್ ಆಗಬೇಕು. ಬಿಒಕ್ಯೂನಲ್ಲಿ, ಅಂದರೆ ಐಟಂವಾರು ಪ್ರಮಾಣದ ಪಟ್ಟಿಯಲ್ಲಿ, ಇರುವುದು 90. ಇದು ಸರಿಯಾಗಿ 40 ಮೀಟರ್ ಉದ್ದದ ಗೋಡೆಯ ಲೆಕ್ಕ. ಹಳೆಯ ಎಸ್ಟಿಮೇಟ್‌ನ ಉದ್ದ ಹಾಗೇ ಉಳಿದುಕೊಂಡಿರಬಹುದು. ಆ ಊಹೆಯನ್ನು ಮಾತ್ರ ಕ್ವೆರಿಯಲ್ಲಿ ಬರೆಯಬಾರದು. ಯಾರ ತಪ್ಪು ಎಂದು ಹುಡುಕುವ ಜಾಗ ಅದಲ್ಲ. ಬರೆದವರನ್ನು ಚುಚ್ಚಿದರೆ ಉತ್ತರವೂ ಬಿಗಿಯಾಗಿಯೇ ಬರುತ್ತದೆ.

ಪ್ರಶ್ನೆ 2. ಬಿಒಕ್ಯೂ, ಐಟಂ 5, ಪುಟ 58: “ತಡೆಗೋಡೆ ಕಾಂಕ್ರೀಟ್, 90 ಘನ ಮೀಟರ್.” ನಕ್ಷೆ 2ರಲ್ಲಿ ತೋರಿಸಿದ ಅಳತೆಯಂತೆ (60 ಮೀ × 2.25 ಚ.ಮೀ) 135 ಘನ ಮೀಟರ್ ಆಗುತ್ತದೆ. ನಿರ್ಮಿಸಬೇಕಾದ ಗೋಡೆಯ ಉದ್ದ 40 ಮೀಟರೇ, 60 ಮೀಟರೇ? ಅದಕ್ಕೆ ತಕ್ಕಂತೆ ನಕ್ಷೆ ಅಥವಾ ಬಿಒಕ್ಯೂ ತಿದ್ದುಪಡಿ ಹೊರಡಿಸಲು ಕೋರಿದೆ.

“ಮಾಡಿದಷ್ಟಕ್ಕೆ ಅಳತೆ ಹಿಡಿದು ಬಿಲ್ ಕೊಡ್ತಾರಲ್ಲ, ಇದ್ಯಾಕೆ ಕೇಳ್ಬೇಕು?” ಎಂದು ಮಾವ ಕೇಳಬಹುದು. ಐಟಂ ದರದ ಟೆಂಡರ್‌ನಲ್ಲಿ ಅದು ಅರ್ಧ ನಿಜ. ಆದರೆ ಬಹಳ ಕರಾರುಗಳಲ್ಲಿ ಪ್ರಮಾಣ ಒಂದು ಮಿತಿ ದಾಟಿದರೆ, ಸಾಮಾನ್ಯವಾಗಿ ಶೇ 25, ಹೆಚ್ಚಿನ ಭಾಗದ ದರವನ್ನು ಬೇರೆಯಾಗಿ ನಿಗದಿ ಮಾಡುತ್ತಾರೆ. 90ರಿಂದ 135 ಅಂದರೆ ಶೇ 50 ಜಾಸ್ತಿ. ಮಂಜೂರಾದ ಹಣ ಮೀರಿದರೆ ಹೆಚ್ಚುವರಿ ಮಂಜೂರಾತಿ ಬರುವ ತನಕ ಬಿಲ್ ಕೂತುಬಿಡುತ್ತದೆ.

ಬಂಡೆಯ ಪ್ರಶ್ನೆಯೇ ಎಲ್ಲಕ್ಕಿಂತ ನಾಜೂಕು. ಬಿಒಕ್ಯೂನಲ್ಲಿ ಪಾಯ ಅಗೆತಕ್ಕೆ ಇರುವುದು ಸಾಧಾರಣ ಮಣ್ಣಿನ ಐಟಂ ಮಾತ್ರ. ಮಾವ ನೋಡಿದ ಧರೆಯಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ, ಒಂದು ಕಡೆ ಕಪ್ಪು ಬಂಡೆಯ ಮೂತಿ ಹೊರಗೇ ಕಾಣುತ್ತಿದೆ. ‘ಬಂಡೆ ಸಿಕ್ಕರೆ ಏನು ಮಾಡುವುದು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಟೆಂಡರ್‌ದಾರರು ಸ್ಥಳ ನೋಡಿಕೊಂಡೇ ದರ ಹಾಕಬೇಕು. ಆ ಷರತ್ತು ಹೆಚ್ಚುಕಮ್ಮಿ ಎಲ್ಲ ದಾಖಲೆಯಲ್ಲೂ ಇರುತ್ತದೆ. ಹಾಗಾಗಿ ಬಂಡೆಯ ಬಗ್ಗೆ ಕೇಳುವುದನ್ನು ಬಿಟ್ಟು ಪಾವತಿಯ ಬಗ್ಗೆ ಕೇಳಬೇಕು. ಉತ್ತರಕ್ಕೆ ಎರಡು ದಾರಿ ಮಾತ್ರ ಇಡಬೇಕು.

ಪ್ರಶ್ನೆ 3. ಬಿಒಕ್ಯೂ, ಐಟಂ 2, ಪುಟ 57: “ಸಾಧಾರಣ ಮಣ್ಣಿನಲ್ಲಿ ಪಾಯ ಅಗೆತ.” ಜಂಬಿಟ್ಟಿಗೆ ಮತ್ತು ಗಟ್ಟಿ ಬಂಡೆಯಲ್ಲಿ ಅಗೆತಕ್ಕೆ ಐಟಂ ಇಲ್ಲ. ಅಂಥ ಸ್ತರ ಬಂದಲ್ಲಿ (ಅ) ಪ್ರತ್ಯೇಕ ಐಟಂ ಆಗಿ ಅಳೆದು ಪಾವತಿಸಲಾಗುವುದೇ, ಅಥವಾ (ಆ) ಐಟಂ 2ರ ದರದಲ್ಲೇ ಪಾವತಿಸಲಾಗುವುದೇ? (ಅ) ಎಂದಾದರೆ ಯಾವ ವರ್ಷದ ದರಪಟ್ಟಿಯಂತೆ?

ಇಲ್ಲಿ (ಆ) ಎಂದು ಉತ್ತರ ಬಂದರೂ ನಷ್ಟವಿಲ್ಲ. ಐಟಂ 2ಕ್ಕೆ ಬಂಡೆ ಒಡೆಯುವ ಖರ್ಚನ್ನೂ ಸೇರಿಸಿ ದರ ಹಾಕಬಹುದು. ಬೇರೆಯವರಿಗೂ ಅದೇ ಉತ್ತರ ಹೋಗಿರುತ್ತದೆ, ಹಾಗಾಗಿ ಕಣ್ಣಿದ್ದವರೆಲ್ಲ ಅದನ್ನು ಸೇರಿಸಿಯೇ ದರ ಹಾಕುತ್ತಾರೆ.

ಈ ಮಾತು ನಾಲ್ಕನೆಯ ಪ್ರಶ್ನೆಗೆ ತುಂಬ ಮುಖ್ಯ. ಉತ್ತರವನ್ನು ಟೆಂಡರ್ ದಾಖಲೆ ಪಡೆದ ಎಲ್ಲರಿಗೂ ಕೊಡಬೇಕು, ಆದರೆ ಕೇಳಿದವರು ಯಾರೆಂದು ಹೇಳಬಾರದು ಎಂಬುದು ನಮ್ಮ ಕಾಮಗಾರಿ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಇರುವ ನಿಯಮ. ‘ಸಾಗರದಲ್ಲಿ ನಾವು ಕಟ್ಟಿದ ಚೆಕ್ ಡ್ಯಾಂ’ ಎಂದು ಬರೆದರೆ ಕಚೇರಿ ಹೆಸರು ಮುಚ್ಚಿಟ್ಟರೂ ಪ್ರಶ್ನೆಯೇ ಹೆಸರು ಹೇಳಿಬಿಡುತ್ತದೆ. ನಮ್ಮ ಅನುಭವ ಎಲ್ಲಿ ತೆಳ್ಳಗಿದೆ ಎಂಬುದೂ ಎದುರಾಳಿಗೆ ಗೊತ್ತಾಗುತ್ತದೆ. ಅದಕ್ಕೆ ಸ್ವಂತ ಗುರುತನ್ನೆಲ್ಲ ತೆಗೆದು ಬರೆಯಬೇಕು:

ಪ್ರಶ್ನೆ 4. ಅರ್ಹತಾ ಷರತ್ತು, ಪುಟ 12: “ಇದೇ ಸ್ವರೂಪದ ಕನಿಷ್ಠ ಒಂದು ಕಾಮಗಾರಿ ಪೂರ್ಣಗೊಳಿಸಿರಬೇಕು.” ‘ಇದೇ ಸ್ವರೂಪದ ಕಾಮಗಾರಿ’ಯ ವಿವರಣೆ ದಾಖಲೆಯಲ್ಲಿ ಇಲ್ಲ. ಕಾಂಕ್ರೀಟ್ ತಡೆಗೋಡೆ, ಮೋರಿ ಮತ್ತು ಚೆಕ್ ಡ್ಯಾಂ ಇದರಲ್ಲಿ ಸೇರುತ್ತವೆಯೇ? ಪ್ರತಿಯೊಂದರ ಬಗ್ಗೆ ಪ್ರತ್ಯೇಕವಾಗಿ ತಿಳಿಸಲು ಕೋರಿದೆ.

ಇಷ್ಟೆಲ್ಲ ಯಾಕೆ, ಪರಿಚಯದ ಇಂಜಿನಿಯರ್‌ಗೆ ಒಂದು ಫೋನ್ ಮಾಡಿದರೆ ಆಗದೇ ಎನ್ನುವವರು ಬಹಳ. ಫೋನಿನಲ್ಲಿ ‘ಹೌದು ಹೌದು, ನಡೀತದೆ’ ಎಂದವರು ಬಿಲ್ ಹೊತ್ತಿಗೆ ವರ್ಗವಾಗಿ ಹೋಗಿರಬಹುದು. ಅವರು ಅಲ್ಲೇ ಇದ್ದರೂ ಆಡಿಟ್‌ಗೆ ಬೇಕಾಗುವುದು ಕಾಗದ. ಪ್ರಿ-ಬಿಡ್ ಸಭೆಯಲ್ಲಿ ಬಾಯಲ್ಲಿ ಬಂದ ಉತ್ತರಕ್ಕೂ ಇದೇ ಮಾತು. ಬರವಣಿಗೆಯಲ್ಲಿ ಬಂದ ಉತ್ತರ, ಅದಕ್ಕಿಂತ ಹೆಚ್ಚಾಗಿ ತಿದ್ದುಪಡಿ ಪ್ರಕಟಣೆ, ಟೆಂಡರ್ ದಾಖಲೆಯ ಭಾಗವಾಗುತ್ತದೆ. ಪ್ರಶ್ನೆ 2ರಲ್ಲಿ ತಿದ್ದುಪಡಿಯನ್ನೇ ಬಾಯಿಬಿಟ್ಟು ಕೇಳಿದ್ದು ಅದಕ್ಕೆ. ಪ್ರಮಾಣ ಬದಲಾಗುವ ವಿಷಯಕ್ಕೆ ಬರೀ ಉತ್ತರ ಸಾಲದು.

ಇನ್ನೊಂದು ದೊಡ್ಡ ಕಾರಣ ಇದೆ. ‘ಬಂಡೆ ಬಂದರೆ ಪ್ರತ್ಯೇಕ ದರ’ ಎಂದು ನಮ್ಮ ಬಿಡ್‌ನಲ್ಲೇ ಬರೆದರೆ ಅದು ಷರತ್ತು ಹಾಕಿದ ಟೆಂಡರ್ ಆಗುತ್ತದೆ. ಅದನ್ನು ತಿರಸ್ಕರಿಸಬಹುದು. ಅಂದರೆ ಅನುಮಾನ ಬರೆಯಲು ಇರುವ ಜಾಗ ಕ್ವೆರಿ ಒಂದೇ, ಅದಕ್ಕೂ ಕೊನೆಯ ದಿನ ಇದೆ. ಆ ದಿನ ಬಿಡ್ ಸಲ್ಲಿಸುವ ಕೊನೆಯ ದಿನಕ್ಕಿಂತ ಎಷ್ಟೋ ಮೊದಲೇ ಇರುತ್ತದೆ. ದಾಖಲೆ ಡೌನ್‌ಲೋಡ್ ಮಾಡಿದ ದಿನವೇ ನೋಡಿಟ್ಟುಕೊಳ್ಳಬೇಕಾದ ಮೊದಲ ತಾರೀಕು ಅದು. ಪೋರ್ಟಲ್‌ನಲ್ಲಿ ಹಾಕಬೇಕೋ, ಇ-ಮೇಲ್ ಮಾಡಬೇಕೋ ಎಂಬುದೂ ಅಲ್ಲೇ ಬರೆದಿರುತ್ತದೆ. ಬೇರೆ ದಾರಿಯಲ್ಲಿ ಕಳಿಸಿದರೆ ಉತ್ತರಿಸುವ ಹೊಣೆ ಅವರಿಗಿಲ್ಲ.

ಸರಿಯಾಗಿ ಕೇಳಿದರೂ ಕೆಲವಕ್ಕೆ ‘ಟೆಂಡರ್ ಷರತ್ತಿನಂತೆ’ ಎಂದೇ ಬರಬಹುದು. ಸಮಯವಿದ್ದರೆ ಅದೇ ನಂಬರ್ ಹಾಕಿ, ಎರಡು ಪುಟಗಳ ವಿರೋಧವನ್ನು ಮಾತ್ರ ತೋರಿಸಿ ಮತ್ತೊಮ್ಮೆ ಕೇಳಬಹುದು. ಸಮಯವಿಲ್ಲದಿದ್ದರೆ ಕೆಟ್ಟ ಅರ್ಥವನ್ನೇ ಹಿಡಿದು ದರ ಹಾಕಬೇಕು, ಇಲ್ಲವೇ ಟೆಂಡರ್ ಬಿಡಬೇಕು. ‘ಆಮೇಲೆ ನೋಡಿಕೊಂಡರಾಯ್ತು’ ಎಂದು ಒಳ್ಳೆಯ ಅರ್ಥ ಹಿಡಿದು ಕಡಿಮೆ ದರ ಹಾಕಿದವರು ಗೋಡೆ ಅರ್ಧಕ್ಕೆ ನಿಲ್ಲಿಸಿ ಓಡಾಡುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ.

ಉತ್ತರ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ತಿದ್ದುಪಡಿಯಲ್ಲಿ ಐಟಂ 5 ಈಗ 135 ಘನ ಮೀಟರ್ ಆಗಿದೆ ಎನ್ನಿ. ಮಾವನ ಹಳೆಯ ಲೆಕ್ಕದ ಹಾಳೆಯಲ್ಲಿ ಅದು ಇನ್ನೂ 90. ಬಿಡ್ ಮೊದಲೇ ಹಾಕಿದ್ದರೆ ಅದನ್ನೂ ಹೊಸ ಪ್ರಮಾಣಕ್ಕೆ ಸರಿಪಡಿಸಬೇಕು. ತಿದ್ದುಪಡಿಗೆ ಸಹಿ ಮಾಡಿ ಲಗತ್ತಿಸಲು ಹೇಳಿದ್ದರೆ ಅದನ್ನೂ ಮಾಡಬೇಕು. ಕೊನೆಯ ದಿನದವರೆಗೂ ಹೊಸ ತಿದ್ದುಪಡಿ ಬರಬಹುದು. ಹಾಗಾಗಿ ಸಲ್ಲಿಸುವ ಮುಂಚೆ ಅಳಿಯ ಪೋರ್ಟಲ್ ತೆರೆದು ಇನ್ನೊಮ್ಮೆ ನೋಡಲೇಬೇಕು.