ಕ್ಯೂಆರ್ ಕೋಡ್ ತೋರಿಸುವ ಮೊದಲು ಹೆಸರು ಬರೆಸಿಕೊಳ್ಳಿ

ದೇವಸ್ಥಾನದ ಅಥವಾ ಸಮುದಾಯ ಭವನದ ಟ್ರಸ್ಟಿನವರು ವೆಬ್‌ಸೈಟ್ ಮಾಡಿಸುವಾಗ ದೇಣಿಗೆಯ ಬಗ್ಗೆ ಹೇಳುವ ಮಾತು ಬಹುತೇಕ ಒಂದೇ: "ನಮ್ಮ ಕ್ಯೂಆರ್ ಕೋಡ್ ಫೋಟೊ ಒಂದು ಹಾಕಿಬಿಡಿ, ಸಾಕು." ಸಾಲದು. ಆ ಫೋಟೊದಿಂದ ದುಡ್ಡು ಖಾತೆಗೆ ಬರುತ್ತದೆ, ಅದು ನಿಜ. ಅದು ಯಾರ ದುಡ್ಡು, ಯಾವುದಕ್ಕೆ ಕೊಟ್ಟದ್ದು ಎನ್ನುವುದು ಮಾತ್ರ ಬರುವುದಿಲ್ಲ. ದೇಣಿಗೆ ಪುಟದ ಮುಖ್ಯ ಕೆಲಸವೇ ಈ ಎರಡು ಪ್ರಶ್ನೆಗೆ ಉತ್ತರ ಹಿಡಿದಿಡುವುದು. ಹಣ ಸ್ವೀಕರಿಸುವ ಕೆಲಸವನ್ನು ಬ್ಯಾಂಕು ಹೇಗೂ ಮಾಡುತ್ತದೆ.

ಒಂದು ಅಮಾವಾಸ್ಯೆಯ ಅನ್ನದಾನ ತೆಗೆದುಕೊಳ್ಳಿ. ಸೇವೆಗೆ ₹501. ಒಂದೇ ದಿನ ಖಾತೆಗೆ ₹501ರ ಮೂರು ಜಮೆ ಬಂದಿವೆ. ಮೊದಲನೆಯದನ್ನು ಮಗ ತನ್ನ ಫೋನಿನಿಂದ ಕಳಿಸಿದ್ದಾನೆ, ಸೇವೆ ಮಾತ್ರ ತಾಯಿಯ ಹೆಸರಿನಲ್ಲಿ ಆಗಬೇಕು. ಎರಡನೆಯದು ಅಂಗಡಿಯ ಕರೆಂಟ್ ಖಾತೆಯಿಂದ ಬಂದಿದೆ, ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಅಂಗಡಿಯ ಹೆಸರಿನ ಅರ್ಧ. ಮೂರನೆಯದು ಅನ್ನದಾನದ್ದೇ ಅಲ್ಲ, ದೀಪೋತ್ಸವಕ್ಕೆಂದು ಕಳಿಸಿದ್ದು. ಸ್ಟೇಟ್‌ಮೆಂಟು ಹಿಡಿದು ಕೂತ ಖಜಾಂಚಿಗೆ ಇದು ಒಂದೂ ತಿಳಿಯುವುದಿಲ್ಲ. ಮಗನ ಹೆಸರಿಗೆ ರಸೀದಿ ಹೋಗುತ್ತದೆ. ಸಂಕಲ್ಪದ ಪಟ್ಟಿಯಲ್ಲಿ ತಾಯಿಯ ಹೆಸರಿರುವುದಿಲ್ಲ. ಆ ತಾಯಿ ಬಂದು ಪಂಕ್ತಿಯಲ್ಲಿ ಕೂತು, ತನ್ನ ಹೆಸರು ಹೇಳಲಿಲ್ಲವಲ್ಲ ಎಂದು ನೊಂದುಕೊಂಡರೆ ತಪ್ಪು ಅವರದಲ್ಲ. ಖಜಾಂಚಿಯದೂ ಅಲ್ಲ. ಪುಟ ಕಟ್ಟಿದ ರೀತಿಯೇ ತಪ್ಪು.

ಸರಿಯಾದ ಕ್ರಮ ಇಷ್ಟೇ: ಮೊದಲು ಫಾರಂ, ಆಮೇಲೆ ಕ್ಯೂಆರ್. ಫಾರಂ ತುಂಬದೆ ಕ್ಯೂಆರ್ ಕಾಣಿಸಬಾರದು. ಯಾವ ಸೇವೆ ಅಥವಾ ನಿಧಿ, ಎಷ್ಟು ಮೊತ್ತ, ಕೊಡುವವರ ಹೆಸರು, ವಿಳಾಸ, ಫೋನ್ ಇವಿಷ್ಟು ಬೇಕು. ಸೇವೆಯಾದರೆ ಯಾರ ಹೆಸರಿನಲ್ಲಿ ಸಂಕಲ್ಪ, ಗೋತ್ರ ಮತ್ತು ನಕ್ಷತ್ರ ಏನು ಎಂಬುದಕ್ಕೆ ಬೇರೆಯೇ ಜಾಗ ಇರಲಿ. ಕೊಡುವವರ ಹೆಸರು, ಸಂಕಲ್ಪದ ಹೆಸರು ಎರಡನ್ನೂ ಒಂದೇ ಡಬ್ಬಿಯಲ್ಲಿ ಕೇಳಿದರೆ ಮೇಲಿನ ಗೊಂದಲ ಮತ್ತೆ ಹುಟ್ಟುತ್ತದೆ. ರಸೀದಿ ಬೇಕಿರುವುದು ಮೊದಲನೆಯ ಹೆಸರಿಗೆ, ಅರ್ಚಕರಿಗೆ ಬೇಕಿರುವುದು ಎರಡನೆಯದು.

ಫಾರಂ ಒತ್ತಿದ ಕೂಡಲೇ ಒಂದು ಉಲ್ಲೇಖ ಸಂಖ್ಯೆ ಹುಟ್ಟಬೇಕು. ಅನ್ನದಾನಕ್ಕೆ AN, ದೀಪೋತ್ಸವಕ್ಕೆ DP, ಕಟ್ಟಡಕ್ಕೆ KT ಎಂದಿಟ್ಟುಕೊಂಡರೆ, ನಮ್ಮ ಮಗನ ದೇಣಿಗೆಗೆ AN0147 ಸಿಕ್ಕಿತು ಎನ್ನೋಣ. ಈಗ ತೋರಿಸುವ ಕ್ಯೂಆರ್ ಆ ಒಬ್ಬರಿಗಾಗಿಯೇ ತಯಾರಾದದ್ದು. ಮೊತ್ತವೂ ಸಂಖ್ಯೆಯೂ ಅದರೊಳಗೇ ಇರುತ್ತವೆ:

```
upi://pay?pa=TRUST_UPI_ID&pn=TRUST_NAME&am=501.00&cu=INR&tn=AN0147
```

ಈ ಸಾಲನ್ನೇ ಕ್ಯೂಆರ್ ಆಗಿ ಪರಿವರ್ತಿಸಿ ತೋರಿಸಿದರೆ, ಯುಪಿಐ ಆಪ್ ತೆರೆದಾಗ ₹501 ಮತ್ತು AN0147 ತಾವಾಗಿಯೇ ತುಂಬಿಕೊಂಡಿರುತ್ತವೆ. `pa` ಜಾಗದಲ್ಲಿ ಟ್ರಸ್ಟಿನ ಖಾತೆಗೆ ಜೋಡಿಸಿದ ಯುಪಿಐ ಐಡಿ ಇರಬೇಕು. ಕಾರ್ಯದರ್ಶಿಯದೋ ಖಜಾಂಚಿಯದೋ ಸ್ವಂತ ಐಡಿ ಬೇಡ, ಒಂದು ದಿನದ ಮಟ್ಟಿಗೂ ಬೇಡ. ಬ್ಯಾಂಕಿನಲ್ಲಿ ಕೇಳಿ ಟ್ರಸ್ಟಿನ ಹೆಸರಿಗೆ ವ್ಯಾಪಾರಿ ಮಾದರಿಯ ಐಡಿ ಮಾಡಿಸಿಕೊಳ್ಳಿ. ವೆಬ್‌ಪುಟದ ಕೊಂಡಿಯಿಂದ ವೈಯಕ್ತಿಕ ಐಡಿಗೆ ಹೋಗುವ ಪಾವತಿಯನ್ನು ಹಲವು ಆಪ್‌ಗಳು ತಡೆಯುತ್ತವೆ. ಹಣ ಕಳಿಸುವ ಮುನ್ನ ಪರದೆಯಲ್ಲಿ ಯಾವ ಹೆಸರು ಕಾಣಬೇಕು ಎಂಬುದನ್ನೂ ಪುಟದಲ್ಲಿ ಬರೆದಿರಿ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ಬಹಳ. ಆದರೆ `tn`ನಲ್ಲಿ ಹಾಕಿದ ಟಿಪ್ಪಣಿ ಎಲ್ಲ ಬ್ಯಾಂಕುಗಳ ಸ್ಟೇಟ್‌ಮೆಂಟಿಗೂ ಪೂರ್ತಿಯಾಗಿ ಇಳಿಯುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಪಾವತಿಯಾದ ಮೇಲೆ ಅದೇ ಪುಟದಲ್ಲಿ 12 ಅಂಕಿಯ ಯುಪಿಐ ವ್ಯವಹಾರ ಸಂಖ್ಯೆಯನ್ನು ಕೇಳಿ. ಕೆಲವು ಆಪ್‌ಗಳು ಅದನ್ನು ಯುಟಿಆರ್ ಎಂದು ತೋರಿಸುತ್ತವೆ. ಸ್ಟೇಟ್‌ಮೆಂಟಿನ ಸಾಲಿನಲ್ಲೂ ಅದೇ 12 ಅಂಕಿ ಇರುತ್ತದೆ. ಎರಡೂ ಕೂಡಿದರೆ AN0147 ಬಂದಿತು ಎಂದರ್ಥ.

ಈ ಮಾತನ್ನು ಇನ್ನೊಮ್ಮೆ ಹೇಳಬೇಕು, ಏಕೆಂದರೆ ಎಡವುವುದು ಇಲ್ಲೇ. ದಾನಿ ಬರೆದುಕೊಟ್ಟ ಸಂಖ್ಯೆಯಾಗಲಿ, ವಾಟ್ಸಾಪಿನಲ್ಲಿ ಬಂದ ಸ್ಕ್ರೀನ್‌ಶಾಟ್ ಆಗಲಿ ಹಣ ಬಂದದ್ದಕ್ಕೆ ಸಾಕ್ಷಿಯಲ್ಲ. ಅವು ಸ್ಟೇಟ್‌ಮೆಂಟಿನಲ್ಲಿ ಎಲ್ಲಿ ಹುಡುಕಬೇಕು ಎನ್ನುವ ಸುಳಿವು ಮಾತ್ರ. ಸ್ಟೇಟ್‌ಮೆಂಟಿನಲ್ಲಿ ಸಾಲು ಕಂಡ ಮೇಲೆಯೇ ರಸೀದಿ. ಫಾರಂ ತುಂಬಿ ಹಣ ಕಳಿಸದವರು ಇರುತ್ತಾರೆ. ನೆಟ್‌ವರ್ಕ್ ಸಿಕ್ಕಿಹಾಕಿಕೊಂಡು ಎರಡು ಸಲ ಕಳಿಸಿದವರೂ ಇರುತ್ತಾರೆ. ಒಂದೇ AN ಸಂಖ್ಯೆಗೆ ಎರಡು ಯುಟಿಆರ್ ಕಂಡರೆ ಎರಡನೆಯದನ್ನು ಸುಮ್ಮನೆ ಜಮೆ ಮಾಡಿಕೊಳ್ಳದೆ ಅವರಿಗೊಂದು ಫೋನ್ ಮಾಡಿ, ವಾಪಸ್ ಬೇಕೋ ಇನ್ನೊಂದು ಸೇವೆಗೆ ಹಾಕೋಣವೋ ಎಂದು ಕೇಳಿ. ಯಾವ ಸಂಖ್ಯೆಗೂ ಕೂಡದ ಜಮೆಗಳನ್ನು "ಗುರುತಿಲ್ಲದ ಜಮೆ" ಎಂದು ಪ್ರತ್ಯೇಕವಾಗಿ ಬರೆದಿಡಿ. ಊಹೆಯ ಮೇಲೆ ಯಾರ ಹೆಸರಿಗೂ ಹಚ್ಚಬೇಡಿ.

ತಿಂಗಳಿಗೆ ನಲವತ್ತು ಐವತ್ತು ದೇಣಿಗೆ ಬರುವ ಟ್ರಸ್ಟಿಗೆ ಈ ವ್ಯವಸ್ಥೆ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಾದರೆ ಪೇಮೆಂಟ್ ಗೇಟ್‌ವೇ, ಅಂದರೆ ದಾನಿಯಿಂದ ಹಣ ಪಡೆದು ಟ್ರಸ್ಟಿನ ಖಾತೆಗೆ ಹಾಕುವ ಸೇವೆ, ಒಳ್ಳೆಯದು. ಅಲ್ಲಿ ಜೋಡಿಸುವ ಕೆಲಸ ತಾನಾಗಿಯೇ ಆಗುತ್ತದೆ. ಆದರೆ ಎರಡು ಕಡೆ ಎಚ್ಚರ ಬೇಕು.

ಮೊದಲನೆಯದು, "ಧನ್ಯವಾದ, ಪಾವತಿ ಆಯಿತು" ಎಂಬ ಪುಟ ತೆರೆದಾಗ ರಸೀದಿ ಕಳಿಸುವಂತೆ ಬರೆದ ಪ್ರೋಗ್ರಾಂ. ಹಣ ಕಟ್ಟಿ ಆ ಪುಟಕ್ಕೆ ಮರಳುವ ಮೊದಲೇ ಬ್ರೌಸರ್ ಮುಚ್ಚಿದವರಿಗೆ ರಸೀದಿ ಹೋಗುವುದಿಲ್ಲ. ಪುಟದ ವಿಳಾಸ ಗೊತ್ತಿದ್ದವರು ಹಣ ಕಟ್ಟದೆಯೂ ಅದನ್ನು ತೆರೆಯಬಹುದು. ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಕಳಿಸುವ ಸೂಚನೆ, ಅಂದರೆ ವೆಬ್‌ಹುಕ್, ಬಂದು ಅದರ ಸಹಿಯನ್ನು ತಾಳೆ ನೋಡಿದ ಮೇಲೆ ರಸೀದಿ ಹುಟ್ಟಬೇಕು. ಒಂದೇ ಸೂಚನೆ ಎರಡು ಸಲ ಬರುವುದೂ ಉಂಟು. ಪಾವತಿ ಸಂಖ್ಯೆ ಆಗಲೇ ದಾಖಲಾಗಿದ್ದರೆ ಮತ್ತೊಂದು ರಸೀದಿ ಮಾಡಬಾರದು ಎಂಬ ತಡೆ ಇರಲಿ.

ಎರಡನೆಯದು ಲೆಕ್ಕದ್ದು. ಗೇಟ್‌ವೇ ತನ್ನ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಒಂದೆರಡು ದಿನ ಬಿಟ್ಟು ಒಟ್ಟಾಗಿ ಹಾಕುತ್ತದೆ. ₹501, ₹1,000, ₹2,500 ಹೀಗೆ ಮೂರು ದೇಣಿಗೆ ಬಂದರೆ ಒಟ್ಟು ₹4,001. ಉದಾಹರಣೆಗೆ ಶುಲ್ಕ ಶೇ 2 ಎಂದಿಟ್ಟುಕೊಂಡರೆ ₹80.02, ಅದರ ಮೇಲೆ ಶೇ 18 ಜಿಎಸ್‌ಟಿ ₹14.40. ಖಾತೆಗೆ ಬೀಳುವುದು ₹3,906.58, ಅದೂ ಒಂದೇ ಸಾಲಿನಲ್ಲಿ. ರಸೀದಿಗಳ ಮೊತ್ತ ₹4,001 ಆಗಿಯೇ ಇರಬೇಕು, ₹94.42 ಟ್ರಸ್ಟಿನ ಖರ್ಚು. ಬಂದಷ್ಟಕ್ಕೇ ರಸೀದಿ ಬರೆದರೆ ₹2,500 ಕೊಟ್ಟ ದಾನಿಯ ಕೈಯಲ್ಲಿ ₹2,441ರ ರಸೀದಿ ಇರುತ್ತದೆ. ಅವರು ಕೇಳಿದಾಗ ಹೇಳಲು ಮಾತಿರುವುದಿಲ್ಲ.

ಹೆಸರು, ವಿಳಾಸ ಬರೆದಿಡಿ ಎನ್ನುವುದಕ್ಕೆ ತೆರಿಗೆಯ ಕಾರಣವೂ ಇದೆ. ಕೊಟ್ಟವರ ಹೆಸರು, ವಿಳಾಸದ ದಾಖಲೆ ಇಲ್ಲದ್ದನ್ನು ಕಾನೂನು ಅನಾಮಧೇಯ ದೇಣಿಗೆ ಎನ್ನುತ್ತದೆ. ಪೂರ್ತಿ ಧಾರ್ಮಿಕ ಉದ್ದೇಶದ ಟ್ರಸ್ಟಿಗೆ ಇದರಿಂದ ವಿನಾಯಿತಿ ಉಂಟು. ಸಮುದಾಯ ಭವನ ನಡೆಸುವ ಧರ್ಮಾರ್ಥ ಟ್ರಸ್ಟಾದರೆ, ಒಟ್ಟು ದೇಣಿಗೆಯ ಶೇ 5 ಅಥವಾ ₹1 ಲಕ್ಷ, ಯಾವುದು ಹೆಚ್ಚೋ ಅದನ್ನು ಮೀರಿದ ಅನಾಮಧೇಯ ಹಣಕ್ಕೆ ಶೇ 30 ತೆರಿಗೆ ಬೀಳುತ್ತದೆ. ಬರೀ ಕ್ಯೂಆರ್ ಫೋಟೊ ಹಾಕಿ ಕೂತವರು ಈ ಗೆರೆ ದಾಟಿದ್ದು ಆಡಿಟ್ ಹೊತ್ತಿಗಷ್ಟೇ ತಿಳಿಯುತ್ತದೆ. ಹೆಸರು ಹೊರಗೆ ಹೇಳಬೇಡಿ ಎನ್ನುವ ದಾನಿಗಳಿಗೆ "ನನ್ನ ಹೆಸರು ಪ್ರಕಟಿಸಬೇಡಿ" ಎಂಬ ಗುರುತು ಫಾರಂನಲ್ಲಿರಲಿ. ಪ್ರಕಟಿಸದಿರುವುದು ಬೇರೆ, ದಾಖಲೆಯೇ ಇಲ್ಲದಿರುವುದು ಬೇರೆ.

ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ಎಂಬ ಮಾತನ್ನು ಅನುಮೋದನೆ ಕೈಯಲ್ಲಿದ್ದರೆ ಮಾತ್ರ ಪುಟದಲ್ಲಿ ಬರೆಯಿರಿ. ಕೇವಲ ಧಾರ್ಮಿಕ ಕೆಲಸದ ಅಥವಾ ಒಂದೇ ಜಾತಿ, ಸಮುದಾಯದ ಹಿತಕ್ಕಾಗಿ ಇರುವ ಟ್ರಸ್ಟುಗಳಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಸರ್ಕಾರ ಅಧಿಸೂಚಿಸಿದ ದೇವಸ್ಥಾನಗಳ ಜೀರ್ಣೋದ್ಧಾರದ ದೇಣಿಗೆ ಅಪವಾದ. ಅನುಮೋದನೆ ಇದ್ದರೆ ಫಾರಂನಲ್ಲಿ ಪ್ಯಾನ್ ಕೇಳಲೇಬೇಕು, ಏಕೆಂದರೆ ದಾನಿಗಳ ವಿವರವನ್ನು ವರ್ಷ ಮುಗಿದ ಮೇಲೆ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2021-22ರಿಂದ ಬಂದಿದೆ. ಹಳೆಯ ಕಾಯ್ದೆಯಲ್ಲಿ ಇವು ನಮೂನೆ 10ಬಿಡಿ ಮತ್ತು 10ಬಿಇ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರುವುದರಿಂದ ಕಲಂ, ನಮೂನೆಗಳ ಸಂಖ್ಯೆಯನ್ನು ನಿಮ್ಮ ಆಡಿಟರ್ ಬಳಿ ಕೇಳಿಯೇ ರಸೀದಿ ಅಚ್ಚು ಹಾಕಿಸಿ. ಹಣ ಒಬ್ಬರ ಖಾತೆಯದು, ಪ್ಯಾನ್ ಇನ್ನೊಬ್ಬರದು ಆಗಿದ್ದರೂ ಆಡಿಟರನ್ನೇ ಕೇಳಿ. ಮುಜರಾಯಿ ಇಲಾಖೆಯ ಅಧೀನದ ದೇವಸ್ಥಾನವಾದರೆ ಇಡೀ ವಿಷಯವನ್ನು ಮೊದಲು ಇಲಾಖೆಯ ಮುಂದಿಡಬೇಕು.

ಮೂಲನಿಧಿಗೆಂದು, ಅಂದರೆ ಖರ್ಚು ಮಾಡದೆ ಕಾಯಂ ಉಳಿಸಿಡುವ ನಿಧಿಗೆಂದು, ಬರುವ ದೇಣಿಗೆಗೆ ದಾನಿಯ ಸ್ಪಷ್ಟ ಸೂಚನೆ ಬೇಕು. ಆ ಗುರುತನ್ನು ಫಾರಂ ತಾನೇ ಹಾಕಿಟ್ಟಿರಬಾರದು, ದಾನಿಯೇ ಒತ್ತಬೇಕು. ವಿದೇಶದ ದೇಣಿಗೆಯ ವಿಷಯದಲ್ಲಂತೂ ಸಲಿಗೆ ಬೇಡ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದಿದ್ದರೆ ಗೇಟ್‌ವೇಯಲ್ಲಿ ಅಂತರರಾಷ್ಟ್ರೀಯ ಕಾರ್ಡುಗಳನ್ನು ಮುಚ್ಚಿಸಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ, ವಿದೇಶಿ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಹೆಸರು ನೋಡಿ ಇದನ್ನು ತಿಳಿಯಲಾಗದು. "ನಾನು ಭಾರತದ ಪ್ರಜೆ" ಎಂಬ ಘೋಷಣೆಯನ್ನು ಫಾರಂನಲ್ಲೇ ಕೇಳಿ.

ಕಾರ್ಯಕ್ರಮಗಳ ಪುಟಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ದಿನಾಂಕ ವರ್ಷಸಮೇತ ಅಕ್ಷರದಲ್ಲಿರಲಿ, ಪೋಸ್ಟರ್ ಚಿತ್ರದೊಳಗಷ್ಟೇ ಇದ್ದರೆ ಹುಡುಕಿದಾಗ ಸಿಗುವುದಿಲ್ಲ. ಪ್ರತಿ ಕಾರ್ಯಕ್ರಮದ ಕೆಳಗಿನ ದೇಣಿಗೆ ಕೊಂಡಿ ಆಯಾ ಉದ್ದೇಶವನ್ನು ಆರಿಸಿಕೊಂಡೇ ಫಾರಂ ತೆರೆಯಬೇಕು. ದೀಪೋತ್ಸವದ ಪುಟದಿಂದ ಹೋದವರಿಗೆ DP ಸಂಖ್ಯೆಯೇ ಸಿಕ್ಕರೆ, ಆ ಮೂರನೆಯ ₹501 ಅನ್ನದಾನದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ವಾಟ್ಸಾಪ್ ಗುಂಪಿಗೂ ಪೋಸ್ಟರಿನ ಜೊತೆ ಈ ಕೊಂಡಿಯನ್ನೇ ಕಳಿಸಿ, ಕ್ಯೂಆರ್ ಫೋಟೊ ಕಳಿಸಬೇಡಿ.

ತಿಂಗಳ ಕೊನೆಯ ತಾಳೆಗೆ ಅರ್ಧ ಗಂಟೆ ಸಾಕು. ರಸೀದಿ ಕೊಟ್ಟ ಮೊತ್ತಕ್ಕೆ ಗುರುತಿಲ್ಲದ ಜಮೆಯನ್ನೂ ಹಿಂದಿನ ತಿಂಗಳು ಬಾಕಿ ಉಳಿದು ಈ ತಿಂಗಳು ಖಾತೆಗೆ ಬಿದ್ದ ಗೇಟ್‌ವೇ ಹಣವನ್ನೂ ಕೂಡಿಸಿ, ಗೇಟ್‌ವೇ ಶುಲ್ಕವನ್ನೂ ಇನ್ನೂ ಖಾತೆಗೆ ಬೀಳದ ಗೇಟ್‌ವೇ ಹಣವನ್ನೂ ಕಳೆಯಿರಿ. ಖಾತೆಗೆ ಬಂದ ದೇಣಿಗೆಗೆ ಅದು ಪೈಸೆ ಸಹಿತ ಸರಿಹೊಂದಬೇಕು. ಹೊಂದದಿದ್ದರೆ ಮೊದಲು ನೋಡಬೇಕಾದ್ದು ತಿಂಗಳ ಕೊನೆಯ ಎರಡು ದಿನದ ಗೇಟ್‌ವೇ ಜಮೆ. ಅದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನ ಮೊದಲ ಸಾಲುಗಳಲ್ಲಿ ಇರುತ್ತದೆ.