ಟೋಟಲ್ ಸರಿ ಇದೆ, ಅಡ್ಡಸಾಲು ನೋಡಿದ್ರಾ?

ಸಪ್ಲೈಯರ್ ಬಿಲ್ ಚೆಕ್ ಮಾಡಿದ್ರಾ ಅಂತ ಕೇಳಿದರೆ ನಮ್ಮ ತುಮಕೂರಿನ ಅಂಗಡಿಯವರದು ಒಂದೇ ಉತ್ತರ: "ಟೋಟಲ್ ಕೂಡಿ ನೋಡಿದೀನಿ ಸಾರ್, ಟೂ-ಬಿಯಲ್ಲೂ ಅಷ್ಟೇ ಬಂದೈತೆ." ಎರಡೂ ನಿಜವೇ ಇರುತ್ತದೆ. ಆದರೂ ದುಡ್ಡು ಹೆಚ್ಚಿಗೆ ಹೋಗಿರುತ್ತದೆ.

ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದು ಸಪ್ಲೈಯರ್ ತಾನೇ ತುಂಬಿದ ಬಿಲ್ಲಿನ ತೆರಿಗೆಯೋಗ್ಯ ಮೊತ್ತ ಮತ್ತು ತೆರಿಗೆ. ಎಷ್ಟು ಪೀಸು, ಯಾವ ರೇಟು ಎಂಬುದು ಅಲ್ಲಿರುವುದಿಲ್ಲ. ಬಿಲ್ಲಿನಲ್ಲಿ ತಪ್ಪಿದ್ದರೆ ಅದೇ ತಪ್ಪು ಅಲ್ಲಿಗೂ ಹೋಗಿ ಎರಡೂ ಚೆನ್ನಾಗಿ ತಾಳೆಯಾಗುತ್ತವೆ. ಮೇಲಿಂದ ಕೆಳಕ್ಕೆ ಕೂಡುವುದರಿಂದಲೂ ಗೊತ್ತಾಗುವುದು ಅಷ್ಟೇ. ತಪ್ಪು ಅಡಗಿರುವುದು ಅಡ್ಡಸಾಲಿನಲ್ಲಿ, ಪ್ರಮಾಣ ಗುಣಿಸು ರೇಟು ಎಂಬಲ್ಲಿ.

ಬಿ.ಎಚ್. ರಸ್ತೆ ಕಡೆಯ ಒಬ್ಬ ಹಾರ್ಡ್‌ವೇರ್ ಅಂಗಡಿಯವರ ಬಿಲ್ ನೋಡಿ. ಪಿವಿಸಿ ಪೈಪ್ 60, ರೇಟು 142.50, ಮೊತ್ತ 8,550. ಸರಿ. ಸಾಲ್ವೆಂಟ್ ಡಬ್ಬಿ 24, ರೇಟು 96, ಮೊತ್ತ 2,304. ಅದೂ ಸರಿ. ಬಾಲ್ ವಾಲ್ವ್ 36, ರೇಟು 247, ಮೊತ್ತ 8,982. ಎಲ್ಬೋ 12 ಬಾಕ್ಸ್, ರೇಟು 18.40, ಮೊತ್ತ 5,520. ನಾಲ್ಕನ್ನೂ ಕೂಡಿದರೆ 25,356. ಅದರ ಮೇಲೆ ಶೇಕಡ 18 ಜಿಎಸ್‌ಟಿ. ಕೂಡಿದ್ದು, ತೆರಿಗೆ ಹಾಕಿದ್ದು ಎರಡರಲ್ಲೂ ಒಂದು ಪೈಸೆ ತಪ್ಪಿಲ್ಲ.

ವಾಲ್ವಿನ ಸಾಲು ಗುಣಿಸಿ: 36ನ್ನು 247ರಿಂದ ಗುಣಿಸಿದರೆ 8,892. ಬಿಲ್ಲಿನಲ್ಲಿ 8,982. ವ್ಯತ್ಯಾಸ 90. ವ್ಯತ್ಯಾಸ 9ರಿಂದ ಪೂರ್ತಿ ಭಾಗವಾದರೆ ಪಕ್ಕಪಕ್ಕದ ಅಂಕಿ ಅದಲುಬದಲಾಗಿರಬಹುದು ಎಂದು ಮೊದಲು ಅನುಮಾನಿಸುವುದು ನಮ್ಮ ಕಸುಬಿನವರ ಹಳೇ ಅಭ್ಯಾಸ. ಇಲ್ಲಿ ಆಗಿದ್ದೂ ಅದೇ. ಸಪ್ಲೈಯರ್ ಕಡೆಯವರು ಎಕ್ಸೆಲ್‌ನಲ್ಲಿ ಮೊತ್ತವನ್ನು ಸೂತ್ರ ಹಾಕದೆ ಕೈಯಲ್ಲೇ ಟೈಪ್ ಮಾಡಿದ್ದರು. "ಕಂಪ್ಯೂಟರ್ ಬಿಲ್ಲು ಸಾರ್, ಅದ್ಹೆಂಗೆ ತಪ್ಪಾಗ್ತದೆ?" ಅನ್ನುವವರಿಗೆ ಏನು ಹೇಳಲಿ!

ಎಲ್ಬೋ ಸಾಲು ಇನ್ನೂ ಸ್ವಾರಸ್ಯದ್ದು. 12ನ್ನು 18.40ರಿಂದ ಗುಣಿಸಿದರೆ ಬರೀ 220.80. ಹಾಗೆಂದು ತಕ್ಷಣ ಫೋನ್ ಎತ್ತಿ ಜಗಳಕ್ಕೆ ಇಳಿಯಬೇಡಿ. ತಾಳೆಯಾಗದಿದ್ದಾಗ ಮೊತ್ತವನ್ನು ರೇಟಿನಿಂದ ಭಾಗಿಸಿ. 5,520 ಭಾಗಿಸು 18.40 ಅಂದರೆ 300. ಅದನ್ನು 12 ಬಾಕ್ಸಿಗೆ ಹಂಚಿದರೆ ಬಾಕ್ಸಿಗೆ 25. ಅಂದರೆ ಪ್ರಮಾಣ ಬಾಕ್ಸಿನಲ್ಲಿದೆ, ರೇಟು ಪೀಸಿನದು. ಇಲ್ಲಿಗೆ ಲೆಕ್ಕ ಕೂಡಿಬಂತು ಅಂತ ಬಿಟ್ಟವರೇ ಹೆಚ್ಚು. ಬಾಕ್ಸಿನಲ್ಲಿ ನಿಜಕ್ಕೂ 25 ಇದೆಯಾ ಎಂಬ ಪ್ರಶ್ನೆಗೆ ಉತ್ತರ ಗೋಡೌನಿನಲ್ಲಿದೆ. ಹುಡುಗನನ್ನು ಕಳಿಸಿ ಬಾಕ್ಸಿನ ಲೇಬಲ್ ನೋಡಿಸಿದೆವು: 20 ಪೀಸು. ಹೊಸ ಪ್ಯಾಕಿಂಗ್ ಬಂದಿತ್ತು, ಬಿಲ್ ಮಾಡುವಾತ ಹಳೇ 25ರಲ್ಲೇ ಗುಣಿಸುತ್ತಿದ್ದ. ಬಂದದ್ದು 240 ಪೀಸು, ಆಗಬೇಕಾದ ಮೊತ್ತ 4,416. ಹೆಚ್ಚಾದದ್ದು 1,104.

ಎರಡೂ ಸೇರಿ 1,194, ತೆರಿಗೆ ಸೇರಿಸಿದರೆ 1,408.92.

ಹಾಗಂತ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ತೆರಿಗೆ ಸೇರಿ 55 ಪೈಸೆ ಅಂತ ಮಾತಾದ ಸ್ಕ್ರೂ 2,000 ತಗೊಂಡರೆ ತೆರಿಗೆ ಬಿಟ್ಟ ಮೊತ್ತ 932.20. ಪ್ರಿಂಟಿನಲ್ಲಿ ರೇಟು 0.47 ಎಂದಿರುತ್ತದೆ, ಗುಣಿಸಿದರೆ 940. ರೇಟನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿದ್ದರಿಂದ ಬಂದ ವ್ಯತ್ಯಾಸ ಇದು. ಪೀಸಿಗೆ ಹೆಚ್ಚೆಂದರೆ ಅರ್ಧ ಪೈಸೆ, ಹಾಗಾಗಿ 2,000ಕ್ಕೆ 10 ರೂಪಾಯಿವರೆಗೆ ಒಪ್ಪಬಹುದು. ಆದರೆ 36 ವಾಲ್ವಿಗೆ 18 ಪೈಸೆ ಮೀರಿದರೆ ಕೇಳಲೇಬೇಕು. "ಒಂದೆರಡು ರೂಪಾಯಿ ಬಿಡಿ" ಎಂಬ ಒಂದೇ ಅಳತೆ ಎಲ್ಲ ಸಾಲಿಗೂ ಹೊಂದುವುದಿಲ್ಲ. ಎಕ್ಸೆಲ್ ಬಳಸುವವರು ಪ್ರಮಾಣ, ರೇಟು, ಮೊತ್ತವನ್ನು ಕ್ರಮವಾಗಿ ಬಿ, ಸಿ, ಡಿ ಕಾಲಂಗಳಲ್ಲಿಟ್ಟು ಹೀಗೆ ಹಾಕಿ:

```
=ABS(B2*C2-D2)>B2*0.005+0.005
```

ಟ್ರೂ ಎಂದು ಬಂದ ಸಾಲನ್ನು ಮಾತ್ರ ನೋಡಿದರೆ ಸಾಕು. ಡಿಸ್ಕೌಂಟ್ ಕಾಲಂ ಇದ್ದರೆ ಅದನ್ನು ಕಳೆಯುವ ಮುಂಚಿನ ಮೊತ್ತವನ್ನೇ ಹೋಲಿಸಿ.

ತಪ್ಪು ಸಿಕ್ಕ ಮೇಲೆ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಗೀಚಿ ಕಡಿಮೆ ದುಡ್ಡು ಕಳಿಸುವುದು ಬೇಡ. ಸಪ್ಲೈಯರ್ ತುಂಬಿದ ತೆರಿಗೆ ಹಾಗೇ ಉಳಿಯುತ್ತದೆ, ನೀವು ಹೆಚ್ಚಿನ ಕ್ರೆಡಿಟ್ ತಗೊಂಡಂತಾಗುತ್ತದೆ, 180 ದಿನದೊಳಗೆ ಪಾವತಿಯಾಗದ ಭಾಗಕ್ಕೆ ರಿವರ್ಸಲ್ ತಲೆನೋವೂ ಬರಬಹುದು. ಸೆಕ್ಷನ್ 34ರ ಪ್ರಕಾರ ಕ್ರೆಡಿಟ್ ನೋಟ್ ಕೇಳಿ. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ಸಪ್ಲೈಯರ್ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅಷ್ಟರೊಳಗೆ ಅದನ್ನು ಅವರ ರಿಟರ್ನಿನಲ್ಲಿ ತೋರಿಸಬೇಕು. ನಿಮ್ಮ ಪ್ರಕರಣದಲ್ಲಿ ಬೇರೆ ತೊಡಕಿದ್ದರೆ ನಿಮ್ಮ ಆಡಿಟರನ್ನು ಒಂದು ಮಾತು ಕೇಳಿ.

ಹಾರ್ಡ್‌ವೇರ್ ಅಂಗಡಿಯ ಸಪ್ಲೈಯರ್ "ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡ್ಕೊಡ್ತೀನಣ್ಣ" ಅಂದಿದ್ದ. ನಾನು ಬಿಡಲಿಲ್ಲ, ಕ್ರೆಡಿಟ್ ನೋಟ್ ಬಂತು. ಎಲ್ಬೋ ಈಗ ಅವರ ಬಿಲ್ಲಿನಲ್ಲಿ ಪೀಸಿನ ಲೆಕ್ಕದಲ್ಲೇ ಬರುತ್ತದೆ. ಹಿಂದಿನ ಬಿಲ್ಲುಗಳ ಎಲ್ಬೋ ಸಾಲುಗಳನ್ನೂ ತೆಗೆಸಿ ಭಾಗಿಸಿ ನೋಡುತ್ತಿದ್ದೇವೆ.